ಖಾತೆಯಿಂದ ಹೋದರೂ ತಲುಪದ ಹಣ: ಬ್ಯಾಂಕಿನಿಂದ ಪತ್ತೆ ಮಾಡಿಸುವ ಕ್ರಮ

2025ರ ಮಾರ್ಚ್ 15ರ ಶನಿವಾರ ರಾತ್ರಿ 9 ಗಂಟೆ 40 ನಿಮಿಷಕ್ಕೆ ಶಿವಮೊಗ್ಗದಲ್ಲಿರುವ ನನ್ನ ತಂಗಿ ಹುಬ್ಬಳ್ಳಿಯ ಹೊಲಿಗೆ ಯಂತ್ರದ ವ್ಯಾಪಾರಿಯೊಬ್ಬರ ಖಾತೆಗೆ ಐಎಂಪಿಎಸ್ ಮೂಲಕ 85,000 ರೂಪಾಯಿ ಕಳಿಸಿದಳು. ಅವಳ ಖಾತೆಯಿಂದ ಹಣ ಕಡಿತವಾದ ಸಂದೇಶ ತಕ್ಷಣ ಬಂತು. ಆ್ಯಪ್ ಒಂದೆರಡು ನಿಮಿಷ `Pending` ಎಂದು ತೋರಿಸಿ, ಆಮೇಲೆ `Success` ಎಂದಿತು. ವ್ಯಾಪಾರಿಯ ಖಾತೆಗೆ ಮಾತ್ರ ಒಂದು ರೂಪಾಯಿಯೂ ಬರಲಿಲ್ಲ. ಈ ಹಣ ಆರು ದಿನ ಎಲ್ಲಿತ್ತು ಎಂಬುದನ್ನು ಪತ್ತೆ ಮಾಡಿಸಿದ ಬಗೆಯನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಇಂಥ ದೂರುಗಳಲ್ಲಿ ಬಹುಪಾಲು ತಡವಾಗುವುದು ಹಣ ಕಳೆದುಹೋಗಿರುವುದರಿಂದಲ್ಲ, ಗ್ರಾಹಕರ ಪ್ರಶ್ನೆ ಬ್ಯಾಂಕಿನ ಸರಿಯಾದ ಮೇಜಿಗೆ ತಲುಪದೇ ಇರುವುದರಿಂದ. “ನನ್ನ ಹಣ ಹೋಗಿದೆ, ಅವರಿಗೆ ಸೇರಿಲ್ಲ” ಎಂದಷ್ಟೇ ಹೇಳಿದರೆ ಬ್ಯಾಂಕು ತನ್ನ ಪುಸ್ತಕವನ್ನಷ್ಟೇ ನೋಡಿ ಉತ್ತರಿಸುತ್ತದೆ. ಹಣ ಯಾವ ಹಂತದಲ್ಲಿ ನಿಂತಿದೆ ಎಂದು ಕೇಳಿದಾಗ ಮಾತ್ರ ಅದು ಆಚೆಯ ಬ್ಯಾಂಕನ್ನು ಕೇಳಬೇಕಾಗುತ್ತದೆ.

ಮೊದಲು ಹಿಡಿಯಬೇಕಾದದ್ದು ಸಂಖ್ಯೆ

ದೂರು ಕೊಡುವ ಮುನ್ನ ಹಣ ಯಾವ ದಾರಿಯಲ್ಲಿ ಹೋಯಿತು ಎಂಬುದನ್ನು ಖಚಿತ ಮಾಡಿಕೊಳ್ಳಬೇಕು. ಆ್ಯಪ್‌ನಲ್ಲಿ “ಹಣ ಕಳಿಸಿ” ಎಂಬ ಒಂದೇ ಗುಂಡಿ ಇದ್ದರೂ ಒಳಗೆ ಐಎಂಪಿಎಸ್, ಯುಪಿಐ, ಎನ್‌ಇಎಫ್‌ಟಿ, ಆರ್‌ಟಿಜಿಎಸ್ ಎಂಬ ಬೇರೆ ಬೇರೆ ದಾರಿಗಳಿವೆ, ಮತ್ತು ಪ್ರತಿಯೊಂದಕ್ಕೂ ಗಡುವು ಬೇರೆ. ಖಾತೆಯ ಸ್ಟೇಟ್‌ಮೆಂಟಿನಲ್ಲಿ ಆ ದಿನದ ಸಾಲನ್ನು ನೋಡಿದರೆ ಇದು ತಿಳಿಯುತ್ತದೆ. ತಂಗಿಯ ಸ್ಟೇಟ್‌ಮೆಂಟಿನ ಸಾಲು ಹೀಗಿತ್ತು. ಕೊನೆಯ ಅಂಕಿಗಳನ್ನು ಮರೆಮಾಡಿದ್ದೇನೆ.

```
15-03-2025  IMPS/P2A/5074XXXXXXXX  85,000.00 Dr
```

ಇಲ್ಲಿರುವ ಹನ್ನೆರಡು ಅಂಕಿಯ ಸಂಖ್ಯೆಯೇ ಆರ್‌ಆರ್‌ಎನ್. ಹಣ ಕಳಿಸಿದ ಬ್ಯಾಂಕು, ಪಡೆಯಬೇಕಾದ ಬ್ಯಾಂಕು ಮತ್ತು ನಡುವೆ ಇರುವ ರಾಷ್ಟ್ರೀಯ ಪಾವತಿ ನಿಗಮ ಈ ಮೂರೂ ಕಡೆ ಒಂದೇ ವಹಿವಾಟನ್ನು ಗುರುತಿಸುವುದು ಈ ಸಂಖ್ಯೆಯಿಂದ. ಸಾಮಾನ್ಯವಾಗಿ ಇದರ ಮೊದಲ ಅಂಕಿ ವರ್ಷದ ಕೊನೆಯ ಅಂಕಿಯಾಗಿರುತ್ತದೆ, ಮುಂದಿನ ಮೂರು ಅಂಕಿಗಳು ಆ ವರ್ಷದ ಎಷ್ಟನೆಯ ದಿನ ಎಂಬುದನ್ನು ಹೇಳುತ್ತವೆ. 5074 ಎಂದರೆ 2025ರ 74ನೆಯ ದಿನ, ಅಂದರೆ ಮಾರ್ಚ್ 15. ಗಾಬರಿಯಲ್ಲಿ ಬೇರೊಂದು ದಿನದ ಪಾವತಿಯ ಸಂಖ್ಯೆಯನ್ನು ಬರೆದುಕೊಂಡು ದೂರು ಕೊಟ್ಟವರನ್ನು ನಾನು ಕಂಡಿದ್ದೇನೆ. ಈ ನಾಲ್ಕು ಅಂಕಿಗಳನ್ನು ಒಮ್ಮೆ ತಾಳೆ ನೋಡಿದರೆ ಆ ತಪ್ಪು ಆಗುವುದಿಲ್ಲ.

ಎನ್‌ಇಎಫ್‌ಟಿಯಲ್ಲಿ ಇದರ ಸ್ಥಾನದಲ್ಲಿ ಯುಟಿಆರ್ ಎಂಬ 16 ಅಕ್ಷರಗಳ ಗುರುತಿದೆ. ಆರ್‌ಟಿಜಿಎಸ್‌ನಲ್ಲಿ ಅದು 22 ಅಕ್ಷರಗಳದ್ದು. ಆ್ಯಪ್ ತನ್ನ ಅನುಕೂಲಕ್ಕೆ ಕೊಡುವ “ರೆಫರೆನ್ಸ್ ನಂಬರ್” ಅಥವಾ “ಟ್ರಾನ್ಸಾಕ್ಷನ್ ಐಡಿ” ಬೇರೆ ವಸ್ತು. ಅದು ಆ ಆ್ಯಪ್‌ನವರಿಗೆ ಮಾತ್ರ ಅರ್ಥವಾಗುವಂಥದ್ದು. ಆಚೆಯ ಬ್ಯಾಂಕಿನಲ್ಲಿ ಅದನ್ನು ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ. ತಂಗಿ ಭಾನುವಾರ ಗ್ರಾಹಕ ಸೇವೆಗೆ ಫೋನ್ ಮಾಡಿದಾಗ ಕೊಟ್ಟದ್ದು ಇಂಥ ಆ್ಯಪ್ ಸಂಖ್ಯೆಯನ್ನೇ. “ಮೂರು ಕೆಲಸದ ದಿನ ಕಾಯಿರಿ” ಎಂಬ ಉತ್ತರ ಬಂತು, ಪತ್ತೆಯ ಕೆಲಸ ಆರಂಭವೇ ಆಗಲಿಲ್ಲ.

ಇನ್ನೊಂದು ಎಚ್ಚರಿಕೆಯನ್ನು ಈ ಹಂತದಲ್ಲೇ ಹೇಳಬೇಕು. ವಹಿವಾಟಿನ ಗತಿ ತಿಳಿಯುವವರೆಗೆ ಅದೇ ಖಾತೆಗೆ ಎರಡನೆಯ ಬಾರಿ ಹಣ ಕಳಿಸಬಾರದು. ಮೊದಲನೆಯದು ತಡವಾಗಿ ಜಮಾ ಆದರೆ ಎರಡು ಪಾವತಿಯೂ ತಲುಪಿಬಿಡುತ್ತವೆ. ಹೆಚ್ಚುವರಿಯಾಗಿ ಹೋದದ್ದನ್ನು ಮರಳಿ ಪಡೆಯುವುದು ಆಗ ಬ್ಯಾಂಕಿನ ಕೆಲಸವಾಗಿ ಉಳಿಯದೆ ಪಡೆದವರ ಸೌಜನ್ಯಕ್ಕೆ ಬಿಟ್ಟದ್ದಾಗುತ್ತದೆ. ಮೊದಲನೆಯದು ಸೇರದಿರುವುದಕ್ಕೆ ಆ ಖಾತೆಯ ದೋಷವೇ ಕಾರಣವಾಗಿದ್ದರೆ ಎರಡನೆಯದೂ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ.

ಹಣ ನಿಂತಿರಬಹುದಾದ ಜಾಗಗಳು

ಐಎಂಪಿಎಸ್ ಪಾವತಿಯಲ್ಲಿ ನಿಮ್ಮ ಬ್ಯಾಂಕು ಮೊದಲು ನಿಮ್ಮ ಖಾತೆಗೆ ಖರ್ಚು ಬರೆದು, ಪಾವತಿ ನಿಗಮದ ಜಾಲಕ್ಕೆ ಕೋರಿಕೆ ಕಳಿಸುತ್ತದೆ. ಜಾಲ ಅದನ್ನು ಆಚೆಯ ಬ್ಯಾಂಕಿಗೆ ದಾಟಿಸುತ್ತದೆ. ಆ ಬ್ಯಾಂಕು ಜಮಾ ಮಾಡಿ “ಆಯಿತು” ಎಂಬ ಉತ್ತರವನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ಇಷ್ಟೆಲ್ಲ ಕೆಲವು ಸೆಕೆಂಡುಗಳಲ್ಲಿ ನಡೆಯುವ ಕೆಲಸ. ಹಣ ತಲುಪದಿದ್ದಾಗ ಈ ದಾರಿಯ ಯಾವ ತುಂಡು ಕಡಿದಿದೆ ಎಂಬುದನ್ನು ಲಕ್ಷಣಗಳಿಂದ ಊಹಿಸಬಹುದು.

ನಿಮ್ಮ ಖಾತೆಗೆ ಖರ್ಚು ಬಿದ್ದರೂ ಕೋರಿಕೆ ನಿಮ್ಮ ಬ್ಯಾಂಕಿನಿಂದ ಹೊರಗೇ ಹೋಗಿರದಿದ್ದರೆ, ಆಚೆಯ ಬ್ಯಾಂಕಿನಲ್ಲಿ ಆ ಸಂಖ್ಯೆಯ ಸುಳಿವೇ ಇರುವುದಿಲ್ಲ, ಆ್ಯಪ್ `Failed` ಎಂದು ತೋರಿಸುತ್ತದೆ ಅಥವಾ `Pending`ನಲ್ಲೇ ನಿಲ್ಲುತ್ತದೆ. ಇದು ಸರಳವಾದ ದೋಷ. ನಿಮ್ಮ ಬ್ಯಾಂಕೇ ತನ್ನ ಲೆಕ್ಕ ತಾಳೆ ನೋಡಿ ಹಣವನ್ನು ಮರಳಿ ಜಮಾ ಮಾಡುತ್ತದೆ. ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನ ಸ್ಟೇಟ್‌ಮೆಂಟಿನಲ್ಲಿ ಅದೇ ಸಂಖ್ಯೆಯ ಜಮಾ ಸಾಲು ಕಾಣುತ್ತದೆ. ಆದ್ದರಿಂದ ದೂರು ಬರೆಯುವ ಮುನ್ನ ಸ್ಟೇಟ್‌ಮೆಂಟನ್ನು ಮತ್ತೊಮ್ಮೆ ತೆರೆದು ನೋಡುವುದು ಒಳ್ಳೆಯದು. ಹಣ ಮರಳಿದ್ದಕ್ಕೆ ಸಂದೇಶ ಬರದೇ ಇರುವುದೂ ಉಂಟು.

ಆಚೆಯ ಬ್ಯಾಂಕು ಖಾತೆ ಮುಚ್ಚಿದೆ, ಸಂಖ್ಯೆ ಇಲ್ಲ, ಖಾತೆಗೆ ತಡೆ ಇದೆ ಎಂದು ಸ್ಪಷ್ಟವಾಗಿ ನಿರಾಕರಿಸಿದಾಗಲೂ ಕಷ್ಟವಿಲ್ಲ. ನಿರಾಕರಣೆ ಬಂದ ಕೂಡಲೇ ಹಣ ಹಿಂದಿರುಗುತ್ತದೆ.

ಕಷ್ಟವಾಗುವುದು ಆಚೆಯ ಬ್ಯಾಂಕು ಹೌದು ಎಂದೂ ಹೇಳದೆ, ಇಲ್ಲ ಎಂದೂ ಹೇಳದೆ ಸುಮ್ಮನಾದಾಗ. ಅಲ್ಲಿಯ ಕಂಪ್ಯೂಟರ್ ವ್ಯವಸ್ಥೆ ಆ ಹೊತ್ತಿಗೆ ನಿಧಾನವಾಗಿರಬಹುದು, ದುರಸ್ತಿಗಾಗಿ ನಿಂತಿರಬಹುದು. ಜಮಾ ಆಗಿಯೂ ಉತ್ತರ ದಾರಿಯಲ್ಲಿ ತಪ್ಪಿರಬಹುದು, ಜಮಾ ಆಗದೆಯೂ ಇರಬಹುದು. ಕಳಿಸಿದ ಬ್ಯಾಂಕಿಗೆ ಇವೆರಡರಲ್ಲಿ ಯಾವುದು ನಿಜ ಎಂದು ಆ ಕ್ಷಣದಲ್ಲಿ ತಿಳಿಯುವ ದಾರಿಯೇ ಇಲ್ಲ. ಹಣವನ್ನು ಕಳಿಸಿದವರಿಗೆ ಕೂಡಲೇ ಮರಳಿಸಿಬಿಟ್ಟರೆ, ಅತ್ತ ಜಮಾ ಕೂಡ ಆಗಿದ್ದ ಪಕ್ಷದಲ್ಲಿ ಒಂದೇ ಹಣ ಎರಡು ಕಡೆ ಇದ್ದಂತಾಗುತ್ತದೆ. ಅದಕ್ಕಾಗಿಯೇ ಜಾಲ ಇಂಥ ವಹಿವಾಟನ್ನು ಯಶಸ್ವಿಯಾಗಿದೆ ಎಂದು ಭಾವಿಸಿಕೊಂಡು ಮುಂದೆ ಹೋಗುತ್ತದೆ. ಬ್ಯಾಂಕಿನವರ ಮಾತಿನಲ್ಲಿ ಇದು “ಡೀಮ್ಡ್ ಸಕ್ಸೆಸ್”. ಬ್ಯಾಂಕುಗಳ ನಡುವಿನ ಲೆಕ್ಕ ತೀರುವಳಿಯಲ್ಲಿ ಹಣ ನಿಜವಾಗಿಯೂ ಆಚೆಯ ಬ್ಯಾಂಕಿಗೆ ದಾಟುತ್ತದೆ. ದಾಟಿದ ಮೇಲೆ ಗ್ರಾಹಕರ ಖಾತೆಗೆ ಸೇರದೆ, ಇತ್ಯರ್ಥವಾಗದ ಹಣವನ್ನು ಬ್ಯಾಂಕು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಸಸ್ಪೆನ್ಸ್ ಖಾತೆಯಲ್ಲಿ ಕೂತಿರುತ್ತದೆ. ಮರುದಿನ ಆ ಬ್ಯಾಂಕು ತೀರುವಳಿಯ ಕಡತವನ್ನು ತನ್ನ ಪುಸ್ತಕದೊಂದಿಗೆ ತಾಳೆ ನೋಡಿ, ಜಮಾ ಮಾಡಿ ಟಿಸಿಸಿ ಎಂಬ ದೃಢೀಕರಣವನ್ನು ಜಾಲಕ್ಕೆ ಏರಿಸಬೇಕು, ಇಲ್ಲವೇ ಹಣವನ್ನು ಹಿಂದಿರುಗಿಸಬೇಕು. ಈ ತಾಳೆಯ ಕೆಲಸ ತಪ್ಪಿದಾಗ ಹಣ ಅಲ್ಲಿಯೇ ಉಳಿಯುತ್ತದೆ.

“ಸಕ್ಸೆಸ್ ಆಗಿದೆ” ಎಂಬ ಉತ್ತರವನ್ನು ಓದುವ ಬಗೆ

ಸೋಮವಾರ, ಮಾರ್ಚ್ 17ರಂದು ತಂಗಿ ತನ್ನ ಶಾಖೆಗೆ ಹೋದಳು. ಅಲ್ಲಿಯ ಅಧಿಕಾರಿ ಕಂಪ್ಯೂಟರ್ ನೋಡಿ, “ನಮ್ಮ ಕಡೆಯಿಂದ ಸಕ್ಸೆಸ್ ಆಗಿದೆ ಮೇಡಂ, ನೀವು ಅವರ ಬ್ಯಾಂಕನ್ನೇ ಕೇಳಬೇಕು” ಎಂದರು. ಫೋನಿನಲ್ಲಿ ದಾಖಲಾಗಿದ್ದ ದೂರನ್ನೂ ಮರುದಿನ ಅದೇ ಒಂದು ವಾಕ್ಯ ಬರೆದು ಮುಚ್ಚಿಬಿಟ್ಟರು. ಅತ್ತ ವ್ಯಾಪಾರಿ ತಮ್ಮ ಶಾಖೆಯಲ್ಲಿ ವಿಚಾರಿಸಿದಾಗ, “ನಿಮ್ಮ ಖಾತೆಗೆ ಅಂಥ ಹಣ ಬಂದೇ ಇಲ್ಲ, ಕಳಿಸಿದವರು ತಮ್ಮ ಬ್ಯಾಂಕಿನಲ್ಲಿ ಕೇಳಲಿ” ಎಂದರು. ಇಬ್ಬರು ಅಧಿಕಾರಿಗಳೂ ಸುಳ್ಳು ಹೇಳಲಿಲ್ಲ. ಒಬ್ಬರು ನೋಡಿದ್ದು ಹೊರಗೆ ಹೋದ ಕೋರಿಕೆಯ ಸ್ಥಿತಿಯನ್ನು, ಇನ್ನೊಬ್ಬರು ನೋಡಿದ್ದು ಗ್ರಾಹಕರ ಖಾತೆಯನ್ನು. ಎರಡರ ನಡುವಿನ ಸಸ್ಪೆನ್ಸ್ ಖಾತೆಯನ್ನು ಇಬ್ಬರೂ ನೋಡಿರಲಿಲ್ಲ. ಅದು ಶಾಖೆಯ ಪರದೆಯಲ್ಲಿ ಕಾಣುವಂಥದ್ದೂ ಅಲ್ಲ, ಡಿಜಿಟಲ್ ಪಾವತಿಗಳ ಲೆಕ್ಕ ತಾಳೆ ನೋಡುವ ಕೇಂದ್ರ ವಿಭಾಗದ ಕೈಯಲ್ಲಿರುತ್ತದೆ.

ಆದ್ದರಿಂದ “ಸಕ್ಸೆಸ್” ಎಂಬ ಉತ್ತರ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಜಮಾ ಆಗಿದೆ ಎಂದು ಆಚೆಯ ಬ್ಯಾಂಕು ಖಚಿತವಾಗಿ ತಿಳಿಸಿದೆಯೇ, ಅಥವಾ ಉತ್ತರ ಬಾರದೆ ಯಶಸ್ವಿ ಎಂದು ಭಾವಿಸಲಾಗಿದೆಯೇ? ಖಚಿತ ಉತ್ತರ ಬಂದಿದ್ದರೆ ಹಣ ಯಾವುದೋ ಒಂದು ಖಾತೆಗೆ ಸೇರಿದೆ, ಖಾತೆ ಸಂಖ್ಯೆಯನ್ನು ಪರಿಶೀಲಿಸಬೇಕು. ಉತ್ತರ ಬಾರದಿದ್ದರೆ ಹಣ ಆಚೆಯ ಬ್ಯಾಂಕಿನ ಸಸ್ಪೆನ್ಸ್ ಖಾತೆಯಲ್ಲಿರುವ ಸಂಭವವೇ ಹೆಚ್ಚು. ನಮ್ಮ ಸಂದರ್ಭದಲ್ಲಿ ಆ್ಯಪ್ ಮೊದಲು `Pending` ತೋರಿಸಿ, ನಿಮಿಷಗಳ ನಂತರ `Success` ಎಂದು ಬದಲಾದದ್ದೇ ಒಂದು ಸುಳಿವಾಗಿತ್ತು. ಸರಿಯಾಗಿ ಜಮಾ ಆದ ಐಎಂಪಿಎಸ್ ಅಷ್ಟು ಹೊತ್ತು ಕಾಯಿಸುವುದಿಲ್ಲ.

ಎರಡನೆಯ ಸುಳಿವು ವ್ಯಾಪಾರಿಯ ಮಾತಿನಿಂದ ಸಿಕ್ಕಿತು. ಅದೇ ವಾರ ಬೇರೆ ಇಬ್ಬರು ಗಿರಾಕಿಗಳು ಅವರಿಗೆ ಕಳಿಸಿದ ಹಣವೂ ಸೇರದೆ, ಕಳಿಸಿದವರಿಗೇ ತಕ್ಷಣ ಹಿಂದಿರುಗಿತ್ತಂತೆ. ಖಾತೆಯಲ್ಲೇ ಏನೋ ತಡೆ ಇದೆ ಎಂದು ಅದರಿಂದ ಊಹಿಸಬಹುದಾಗಿತ್ತು. ಆ ಇಬ್ಬರ ಪಾವತಿಗಳಿಗೆ ವ್ಯಾಪಾರಿಯ ಬ್ಯಾಂಕು “ಇಲ್ಲ” ಎಂದು ಸ್ಪಷ್ಟವಾಗಿ ಹೇಳಿತ್ತು. ತಂಗಿಯ ಪಾವತಿ ಮುಟ್ಟಿದ ಹೊತ್ತಿನಲ್ಲಿ ಮಾತ್ರ ಅದು ಉತ್ತರಿಸಿರಲಿಲ್ಲ. ಹಣ ಪಡೆಯಬೇಕಾದವರನ್ನು “ಬೇರೆಯವರ ಹಣ ಬರುತ್ತಿದೆಯೇ?” ಎಂದು ಕೇಳುವುದನ್ನು ಯಾರೂ ಮರೆಯಬಾರದು, ಒಂದು ನಿಮಿಷದ ಆ ಪ್ರಶ್ನೆ ದೋಷ ಜಾಲದ್ದೋ ಖಾತೆಯದ್ದೋ ಎಂಬುದನ್ನು ಬೇರ್ಪಡಿಸಿಕೊಡುತ್ತದೆ.

ದೂರನ್ನು ಯಾರಿಗೆ, ಹೇಗೆ ಬರೆಯುವುದು

ದೂರು ಯಾವಾಗಲೂ ಹಣ ಕಳಿಸಿದವರ ಬ್ಯಾಂಕಿಗೇ ಹೋಗಬೇಕು. ಆಚೆಯ ಬ್ಯಾಂಕಿಗೆ ನೀವು ಗ್ರಾಹಕರಲ್ಲ, ಆದ್ದರಿಂದ ಅದು ತನ್ನ ಗ್ರಾಹಕರ ಖಾತೆಯ ವಿಚಾರವನ್ನು ನಿಮಗೆ ಹೇಳುವಂತಿಲ್ಲ. ಅಲ್ಲಿ ಕೇಳುವ ಹಕ್ಕು ಹಣ ಪಡೆಯಬೇಕಾದವರಿಗಿದೆ. ಅವರು ಕೇಳುವಾಗಲೂ “ಹಣ ಬಂದಿದೆಯೇ ನೋಡಿ” ಎನ್ನದೆ, ಆರ್‌ಆರ್‌ಎನ್ ಕೊಟ್ಟು “ಈ ಸಂಖ್ಯೆಯ ಹಣ ನಿಮ್ಮ ಸಸ್ಪೆನ್ಸ್ ಖಾತೆಯಲ್ಲಿ ಇದೆಯೇ ಎಂದು ಡಿಜಿಟಲ್ ಪಾವತಿ ವಿಭಾಗದಿಂದ ತಿಳಿದು ಹೇಳಿ” ಎಂದು ಬರವಣಿಗೆಯಲ್ಲಿ ಕೇಳಬೇಕು. ಎರಡೂ ಕಡೆಯಿಂದ ಒಂದೇ ದಿನ ಕೇಳಿದರೆ ಕೆಲಸ ಬೇಗ ಆಗುತ್ತದೆ.

ದೂರಿನ ಜೊತೆ ಇರಬೇಕಾದ ಕಾಗದಗಳು ಹೆಚ್ಚಿಲ್ಲ. ಖರ್ಚಿನ ಸಾಲು ಕಾಣುವ ನಿಮ್ಮ ಸ್ಟೇಟ್‌ಮೆಂಟು, ಮತ್ತು ಪಡೆಯಬೇಕಾದವರ ಖಾತೆಯ ಸ್ಟೇಟ್‌ಮೆಂಟು. ಎರಡನೆಯದೇ ಮುಖ್ಯ, ಮತ್ತು ಜನ ಬಿಡುವುದೂ ಅದನ್ನೇ. ಅದು ವಹಿವಾಟಿನ ದಿನದಿಂದ ಕನಿಷ್ಠ ಮೂರು ದಿನಗಳ ಅವಧಿಯದ್ದಾಗಿರಬೇಕು, ಏಕೆಂದರೆ ತಡವಾದ ಜಮಾ ಮರುದಿನದ ತಾರೀಖಿನಲ್ಲಿ ಬೀಳಬಹುದು. ಉಳಿದ ವಹಿವಾಟುಗಳ ಮೊತ್ತವನ್ನು ಅವರು ಮರೆಮಾಡಿ ಕೊಟ್ಟರೂ ನಡೆಯುತ್ತದೆ, ಆದರೆ ಖಾತೆ ಸಂಖ್ಯೆ ಮತ್ತು ತಾರೀಖುಗಳು ಕಾಣಬೇಕು. “ಸಕ್ಸೆಸ್” ಎಂದು ದೂರನ್ನು ಮುಚ್ಚುವ ಅಧಿಕಾರಿಯ ಮುಂದೆ ಹಣ ಸೇರಿಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಇನ್ನೊಂದಿಲ್ಲ.

ಮಂಗಳವಾರ, ಮಾರ್ಚ್ 18ರಂದು ನಾವು ಕೊಟ್ಟ ಪತ್ರದ ಒಕ್ಕಣೆ ಹೀಗಿತ್ತು. ಖಾತೆ ಸಂಖ್ಯೆಗಳಿರುವ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

> ಶಾಖಾ ವ್ಯವಸ್ಥಾಪಕರಿಗೆ,
>
> ವಿಷಯ: ಖಾತೆಗೆ ಖರ್ಚಾಗಿ, ಫಲಾನುಭವಿಗೆ ಜಮಾ ಆಗದ ಐಎಂಪಿಎಸ್ ವಹಿವಾಟಿನ ಪತ್ತೆ ಕುರಿತು.
>
> ನನ್ನ ಉಳಿತಾಯ ಖಾತೆ ಸಂಖ್ಯೆ ........ ಇಂದ ದಿನಾಂಕ 15-03-2025ರ ರಾತ್ರಿ 9.40ಕ್ಕೆ 85,000 ರೂಪಾಯಿಯನ್ನು ........ ಬ್ಯಾಂಕಿನ ಖಾತೆ ಸಂಖ್ಯೆ ........ ಕ್ಕೆ ಐಎಂಪಿಎಸ್ ಮೂಲಕ ಕಳಿಸಿದ್ದೇನೆ. ಆರ್‌ಆರ್‌ಎನ್: ........ . ಈ ಮೊತ್ತ ಇಂದಿನವರೆಗೂ ಆ ಖಾತೆಗೆ ಜಮಾ ಆಗಿಲ್ಲ. ಫಲಾನುಭವಿಯ ಸ್ಟೇಟ್‌ಮೆಂಟನ್ನು ಲಗತ್ತಿಸಿದ್ದೇನೆ. ನನಗೆ ಹಣ ಮರಳಿಯೂ ಬಂದಿಲ್ಲ.
>
> ದಯವಿಟ್ಟು ಈ ಮೂರು ಅಂಶಗಳನ್ನು ಬರವಣಿಗೆಯಲ್ಲಿ ತಿಳಿಸಬೇಕಾಗಿ ಕೋರುತ್ತೇನೆ. ಒಂದು, ಫಲಾನುಭವಿಯ ಬ್ಯಾಂಕಿನಿಂದ ಜಮಾ ಆದ ಬಗ್ಗೆ ಖಚಿತ ಉತ್ತರ ಬಂದಿದೆಯೇ ಅಥವಾ ವಹಿವಾಟನ್ನು ಡೀಮ್ಡ್ ಸಕ್ಸೆಸ್ ಎಂದು ಪರಿಗಣಿಸಲಾಗಿದೆಯೇ. ಎರಡು, ಆ ಬ್ಯಾಂಕು ಟಿಸಿಸಿ ಏರಿಸಿದ್ದರೆ ಯಾವ ದಿನಾಂಕದಂದು. ಮೂರು, ಏರಿಸಿರದಿದ್ದರೆ ಈ ವಹಿವಾಟಿನ ಬಗ್ಗೆ ಆ ಬ್ಯಾಂಕಿನ ಮೇಲೆ ನೀವು ವಿವಾದ ದಾಖಲಿಸಿದ ದಿನಾಂಕ.
>
> ಭಾರತೀಯ ರಿಸರ್ವ್ ಬ್ಯಾಂಕಿನ 20-09-2019ರ ಸುತ್ತೋಲೆಯಂತೆ ವಿಳಂಬದ ಪರಿಹಾರವನ್ನೂ ನನ್ನ ಖಾತೆಗೆ ಜಮಾ ಮಾಡಬೇಕಾಗಿ ವಿನಂತಿ.

ಪತ್ರದ ಇನ್ನೊಂದು ಪ್ರತಿಯ ಮೇಲೆ ಮೊಹರು, ಸಹಿ, ತಾರೀಖು ಹಾಕಿಸಿಕೊಳ್ಳಬೇಕು. ಅದೇ ಒಕ್ಕಣೆಯನ್ನು ಬ್ಯಾಂಕಿನ ಜಾಲತಾಣದ ದೂರು ಪುಟದಲ್ಲಿ ಹಾಕಿ ದೂರು ಸಂಖ್ಯೆಯನ್ನೂ ಪಡೆಯಬೇಕು. ಮುಂದೆ, ಬ್ಯಾಂಕುಗಳ ಮೇಲಿನ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಬೇಕಾದರೆ ದಿನಗಳ ಲೆಕ್ಕ ಶುರುವಾಗುವುದು ಈ ಲಿಖಿತ ದೂರಿನಿಂದ. ಫೋನಿನ ಮಾತಿನ ಆಧಾರದ ಮೇಲೆ ಅಲ್ಲಿ ವಾದಿಸುವುದು ಕಷ್ಟ. ಬ್ಯಾಂಕಿನ ಫೋನ್ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಿ ಕರೆ ಮಾಡುವುದು ಬೇಡ, ಪಾಸ್‌ಬುಕ್ಕಿನಲ್ಲಿ ಅಥವಾ ಕಾರ್ಡಿನ ಹಿಂಭಾಗದಲ್ಲಿ ಅಚ್ಚಾಗಿರುವುದನ್ನೇ ಬಳಸಬೇಕು. ಹಣ ಮರಳಿಸಲು ನಿಮ್ಮ ಪಿನ್ ಅಥವಾ ಒಟಿಪಿ ಯಾವ ಬ್ಯಾಂಕಿಗೂ ಬೇಕಾಗಿಲ್ಲ. ಕೇಳಿದವರು ವಂಚಕರು, ಅವರ ಬಲೆಗೆ ಬಿದ್ದಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಪತ್ರ ಕೊಟ್ಟ ಮರುದಿನವೇ ತಂಗಿಯ ಬ್ಯಾಂಕಿನಿಂದ ಉತ್ತರ ಬಂತು: ವಹಿವಾಟು ಡೀಮ್ಡ್ ಸ್ಥಿತಿಯಲ್ಲಿದೆ, ಟಿಸಿಸಿ ಬಂದಿಲ್ಲ, ಆಚೆಯ ಬ್ಯಾಂಕನ್ನು ಕೇಳಲಾಗಿದೆ. ಹಿಂದಿನ ದಿನ “ಸಕ್ಸೆಸ್” ಎಂದು ಮುಚ್ಚಿದ ದೂರಿಗೂ ಈ ಉತ್ತರಕ್ಕೂ ನಡುವೆ ಬದಲಾಗಿದ್ದು ನಾವು ಕೇಳಿದ ಪ್ರಶ್ನೆ ಮಾತ್ರ. 20ರಂದು ವ್ಯಾಪಾರಿಗೆ ಅವರ ಬ್ಯಾಂಕಿನಿಂದ ಕರೆ ಬಂತು. ಕೆವೈಸಿ ದಾಖಲೆಗಳನ್ನು ನವೀಕರಿಸದ ಕಾರಣ ಅವರ ಖಾತೆಗೆ ತಡೆ ಹಾಕಲಾಗಿತ್ತು. ಶನಿವಾರ ರಾತ್ರಿ ವ್ಯವಸ್ಥೆ ನಿಧಾನವಾಗಿ ಉತ್ತರ ಹೋಗಿರಲಿಲ್ಲ. ಆಮೇಲೆ ಜಮಾ ಮಾಡಲು ಹೋದಾಗ ತಡೆ ಅಡ್ಡ ಬಂದು ಹಣ ಸಸ್ಪೆನ್ಸ್ ಖಾತೆಯಲ್ಲಿ ಉಳಿದಿತ್ತು, ಅದನ್ನು ಹಿಂದಿರುಗಿಸುವ ಕೆಲಸವನ್ನು ಯಾರೂ ಮಾಡಿರಲಿಲ್ಲ. 21ರ ಶುಕ್ರವಾರ 85,000 ರೂಪಾಯಿ ತಂಗಿಯ ಖಾತೆಗೆ ಮರಳಿತು.

ಗಡುವು ಮತ್ತು ಪರಿಹಾರ

ರಿಸರ್ವ್ ಬ್ಯಾಂಕಿನ ಆ ಸುತ್ತೋಲೆ 2019ರ ಅಕ್ಟೋಬರ್ 15ರಿಂದ ಜಾರಿಯಲ್ಲಿದೆ. ಐಎಂಪಿಎಸ್‌ನಲ್ಲಾಗಲಿ, ಯುಪಿಐ ಮೂಲಕ ವ್ಯಕ್ತಿಯೊಬ್ಬರಿಗೆ ಕಳಿಸಿದಾಗಲಾಗಲಿ, ಹಣ ಕಡಿತವಾಗಿ ಜಮಾ ಆಗದಿದ್ದರೆ ಫಲಾನುಭವಿಯ ಬ್ಯಾಂಕು ವಹಿವಾಟಿನ ಮರುದಿನದೊಳಗೆ ಅದನ್ನು ತಾನಾಗಿಯೇ ಹಿಂದಿರುಗಿಸಬೇಕು. ಆ ಗಡುವು ಮೀರಿದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು. ಇಲ್ಲಿ ದಿನವೆಂದರೆ ಕ್ಯಾಲೆಂಡರ್ ದಿನ. ಭಾನುವಾರ, ಹಬ್ಬದ ರಜೆ ಎಂಬ ರಿಯಾಯಿತಿ ಇಲ್ಲ. ಹಾಗಾಗಿ “ಮೂರು ಕೆಲಸದ ದಿನ” ಎಂಬ ಗ್ರಾಹಕ ಸೇವೆಯ ಮಾತಿಗೆ ಈ ಸುತ್ತೋಲೆಯಲ್ಲಿ ಆಧಾರವಿಲ್ಲ. ಅಂಗಡಿಯವರಿಗೆ ವ್ಯಾಪಾರಿ ಕ್ಯೂಆರ್ ಮೂಲಕ ಕೊಟ್ಟ ಯುಪಿಐ ಪಾವತಿಗೆ ಮಾತ್ರ ಗಡುವು ಐದು ದಿನ.

ತಂಗಿಯ ಲೆಕ್ಕ ಸರಳ. ವಹಿವಾಟು 15ರಂದು, ಗಡುವು 16ರಂದು, ಹಣ ಮರಳಿದ್ದು 21ರಂದು. 17ರಿಂದ 21ರವರೆಗೆ ಐದು ದಿನ, 500 ರೂಪಾಯಿ. ಗ್ರಾಹಕರು ಕೇಳಲಿ ಬಿಡಲಿ, ಬ್ಯಾಂಕು ತಾನಾಗಿಯೇ ಇದನ್ನು ಜಮಾ ಮಾಡಬೇಕು ಎಂದು ಸುತ್ತೋಲೆ ಸ್ಪಷ್ಟವಾಗಿ ಹೇಳುತ್ತದೆ. ಆದರೂ ಅಸಲು ಮಾತ್ರ ಬಂದಿತ್ತು. ಅಸಲು ಬಂದ ಸಂತೋಷದಲ್ಲಿ ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ನನಗೆ ಅದು ಸರಿ ಎನಿಸುವುದಿಲ್ಲ, ಏಕೆಂದರೆ ತಾಳೆಯ ಕೆಲಸವನ್ನು ಗಡುವಿನೊಳಗೆ ಮುಗಿಸುವಂತೆ ಬ್ಯಾಂಕನ್ನು ಒತ್ತಾಯಿಸುವುದು ಈ ದಿನಕ್ಕೆ ನೂರರ ಲೆಕ್ಕವೇ.

ಎನ್‌ಇಎಫ್‌ಟಿ ಆಗಿದ್ದರೆ

ಇದೇ ಹಣ ಎನ್‌ಇಎಫ್‌ಟಿಯಲ್ಲಿ ಹೋಗಿದ್ದರೆ ಪತ್ತೆಯ ದಾರಿ ಬೇರೆಯಾಗುತ್ತಿತ್ತು. 2019ರ ಡಿಸೆಂಬರ್ 16ರಿಂದ ಎನ್‌ಇಎಫ್‌ಟಿ ದಿನದ 24 ಗಂಟೆಯೂ, ಅರ್ಧ ಗಂಟೆಗೊಂದರಂತೆ ಬ್ಯಾಚ್ ಎನ್ನುವ 48 ತಂಡಗಳಲ್ಲಿ ನಡೆಯುತ್ತಿದೆ. ರಾತ್ರಿ 9.40ಕ್ಕೆ ಕಳಿಸಿದ್ದು 10 ಗಂಟೆಯ ತಂಡದಲ್ಲಿ ಹೋಗುತ್ತದೆ. ಆ ತಂಡದ ಲೆಕ್ಕ ತೀರಿದ ಎರಡು ಗಂಟೆಯೊಳಗೆ ಆಚೆಯ ಬ್ಯಾಂಕು ಜಮಾ ಮಾಡಬೇಕು, ಇಲ್ಲವೇ ಕಾರಣ ಹೇಳಿ ಹಿಂದಿರುಗಿಸಬೇಕು. ಅಂದರೆ ಮಧ್ಯರಾತ್ರಿಯ ಸುಮಾರಿಗೆ ವಿಷಯ ಇತ್ಯರ್ಥವಾಗಿರಬೇಕು, ಬೆಳಿಗ್ಗೆ ದೂರು ಕೊಟ್ಟರೆ ಆತುರವೆನಿಸದು. ಆರ್‌ಟಿಜಿಎಸ್‌ನಲ್ಲಿ, ಅಂದರೆ ಎರಡು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಪಾವತಿಗಳಲ್ಲಿ, ಜಮಾ ಮಾಡಲು ಅರ್ಧ ಗಂಟೆಯ ಕಾಲಾವಕಾಶವಿದೆ.

ಎನ್‌ಇಎಫ್‌ಟಿಯಲ್ಲಿ ಜಮಾ ಆದ ಬಳಿಕ ಆಚೆಯ ಬ್ಯಾಂಕಿನಿಂದ ಒಂದು ದೃಢೀಕರಣ ಸಂದೇಶ ಬರುತ್ತದೆ. ಬ್ಯಾಂಕಿನವರು ಅದನ್ನು `N10` ಎನ್ನುತ್ತಾರೆ, ಹಣ ಹಿಂದಿರುಗಿದ ಸಂದೇಶವನ್ನು `N07` ಎನ್ನುತ್ತಾರೆ. ಆದ್ದರಿಂದ ಪತ್ರದಲ್ಲಿ ಡೀಮ್ಡ್, ಟಿಸಿಸಿ ಎಂಬ ಮಾತುಗಳ ಬದಲು “ಈ ಯುಟಿಆರ್‌ಗೆ ಎನ್10 ಬಂದಿದೆಯೇ, ಬಂದಿದ್ದರೆ ಜಮಾ ಆದ ದಿನಾಂಕ ಮತ್ತು ಸಮಯ ಯಾವುದು” ಎಂದು ಕೇಳಬೇಕು. ಎನ್10 ಬಂದಿದೆ ಎಂದಾದರೆ ಪಡೆಯಬೇಕಾದವರು ತಮ್ಮ ಎಲ್ಲ ಖಾತೆಗಳನ್ನೂ ನೋಡಿಕೊಳ್ಳಲಿ. ಒಂದೇ ಬ್ಯಾಂಕಿನಲ್ಲಿರುವ ಹಳೆಯ ಸಾಲದ ಖಾತೆಗೋ ಓವರ್‌ಡ್ರಾಫ್ಟಿಗೋ ಸೇರಿರುವುದುಂಟು.

ಕರಾವಳಿಯ ಮನೆಗಳಲ್ಲಿ ನಾನು ಕಂಡ ಒಂದು ಕಾರಣವನ್ನು ಇಲ್ಲಿ ಸೇರಿಸುತ್ತೇನೆ. ಕೊಲ್ಲಿ ದೇಶಗಳಲ್ಲಿ ದುಡಿಯುವ ಮಗನ ಎನ್‌ಆರ್‌ಇ ಖಾತೆಗೆ ಮಂಗಳೂರಿನಿಂದ ತಂದೆ ತಮ್ಮ ಉಳಿತಾಯ ಖಾತೆಯ ರೂಪಾಯಿಯನ್ನು ಕಳಿಸಿದರೆ ಅದು ಹಿಂದಿರುಗುತ್ತದೆ. ವಿದೇಶದ ಗಳಿಕೆಗಾಗಿ ಮೀಸಲಾದ ಆ ಖಾತೆಗೆ ಊರಿನ ಹಣವನ್ನು ಹಾಗೆ ಜಮಾ ಮಾಡುವಂತಿಲ್ಲ. ಅದಕ್ಕೆ ಎನ್‌ಆರ್‌ಒ ಖಾತೆ ಬೇಕು. ಹಳೆಯ ಐಎಫ್‌ಎಸ್‌ಸಿ ಸಂಕೇತವನ್ನು ಮಾತ್ರ ಜನ ಅಗತ್ಯಕ್ಕಿಂತ ಹೆಚ್ಚು ಅನುಮಾನಿಸುತ್ತಾರೆ. ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಿಂಡಿಕೇಟ್ ಬ್ಯಾಂಕಿನ `SYNB` ಸಂಕೇತಗಳು 2021ರ ಜುಲೈ 1ರಿಂದ ನಿಂತಿವೆ. ಅವನ್ನು ಹಾಕಿದರೆ ಪಾವತಿ ಸಾಮಾನ್ಯವಾಗಿ ಆರಂಭದಲ್ಲೇ ತಿರಸ್ಕೃತವಾಗುತ್ತದೆ, ಹಣ ಹೊರಡುವುದೇ ಇಲ್ಲ.

ಎನ್‌ಇಎಫ್‌ಟಿಯ ಪರಿಹಾರದ ಲೆಕ್ಕವೂ ಬೇರೆ. ಅಲ್ಲಿ ದಿನಕ್ಕೆ ನೂರು ರೂಪಾಯಿಯಲ್ಲ, ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರಕ್ಕೆ ಶೇಕಡಾ 2 ಸೇರಿಸಿದ ಬಡ್ಡಿ. 2025ರ ಮಾರ್ಚಿನಲ್ಲಿ ರೆಪೊ ದರ ಶೇಕಡಾ 6.25 ಇತ್ತು. 85,000 ರೂಪಾಯಿಗೆ ಶೇಕಡಾ 8.25ರಂತೆ ಐದು ದಿನಕ್ಕೆ ಸುಮಾರು 96 ರೂಪಾಯಿ ಬರುತ್ತದೆ. ಮೊತ್ತ ದೊಡ್ಡದಾದಂತೆ ಈ ಬಡ್ಡಿ ಏರುತ್ತದೆ, ಐಎಂಪಿಎಸ್‌ನ ನೂರು ಮಾತ್ರ ಮೊತ್ತ ಎಷ್ಟಿದ್ದರೂ ನೂರೇ. ದೂರಿನಲ್ಲಿ ತಪ್ಪು ನಿಯಮವನ್ನು ಉಲ್ಲೇಖಿಸಿದರೆ ಬೇಡಿಕೆಯನ್ನೇ ತಳ್ಳಿಹಾಕಲು ದಾರಿಯಾಗುತ್ತದೆ, ಆದ್ದರಿಂದ ಮೊದಲು ದಾರಿಯನ್ನು ಗುರುತಿಸಬೇಕು ಎಂದದ್ದು.

ಪತ್ತೆಯ ಮಿತಿ

ಹಣ ಬೇರೊಬ್ಬರ ಖಾತೆಗೆ ಜಮಾ ಆಗಿದ್ದರೆ ಮೇಲೆ ಹೇಳಿದ ಗಡುವು, ಪರಿಹಾರ ಯಾವುದೂ ಅನ್ವಯಿಸುವುದಿಲ್ಲ, ಏಕೆಂದರೆ ವ್ಯವಸ್ಥೆಯ ದೃಷ್ಟಿಯಲ್ಲಿ ಆ ಪಾವತಿ ವಿಫಲವಾಗಿಲ್ಲ. ಜಮಾ ಮಾಡುವಾಗ ಬ್ಯಾಂಕುಗಳು ನೋಡುವುದು ಖಾತೆ ಸಂಖ್ಯೆಯನ್ನು, ಹೆಸರನ್ನಲ್ಲ. ಒಂದು ಅಂಕಿ ತಪ್ಪಿ ಆ ಸಂಖ್ಯೆಯ ಖಾತೆ ನಿಜವಾಗಿ ಇದ್ದರೆ ಹಣ ಅಲ್ಲಿಗೇ ಹೋಗುತ್ತದೆ. ನಿಮ್ಮ ಬ್ಯಾಂಕು ಆಚೆಯ ಬ್ಯಾಂಕಿಗೆ ಬರೆಯಬಹುದು, ಆ ಬ್ಯಾಂಕು ತನ್ನ ಗ್ರಾಹಕರನ್ನು ಕೇಳಬಹುದು. ಅವರ ಒಪ್ಪಿಗೆಯಿಲ್ಲದೆ ಹಣವನ್ನು ಹಿಂದಕ್ಕೆ ತೆಗೆಯುವಂತಿಲ್ಲ. ಒಪ್ಪದಿದ್ದರೆ ಪೊಲೀಸ್ ದೂರು ಅಥವಾ ನ್ಯಾಯಾಲಯವೇ ದಾರಿ. ಎನ್‌ಇಎಫ್‌ಟಿ, ಆರ್‌ಟಿಜಿಎಸ್ ಕಳಿಸುವ ಮುನ್ನ ಖಾತೆದಾರರ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸೂಚಿಸಿತ್ತು. ಪರದೆಯ ಮೇಲೆ ಬರುವ ಆ ಹೆಸರನ್ನು ಓದದೆ ಮುಂದಿನ ಗುಂಡಿ ಒತ್ತಬಾರದು.

ಉಳಿದ ಸಂದರ್ಭಗಳಲ್ಲಿ, ಲಿಖಿತ ದೂರು ಕೊಟ್ಟು 30 ದಿನ ಕಳೆದರೂ ಬ್ಯಾಂಕು ಉತ್ತರಿಸದಿದ್ದರೆ, ಅಥವಾ ಅದರ ಉತ್ತರ ನಿಮಗೆ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ `cms.rbi.org.in` ತಾಣದಲ್ಲಿ ಶುಲ್ಕವಿಲ್ಲದೆ ದೂರು ಕೊಡಬಹುದು. ವಿವರ ಕೇಳಲು 14448 ಎಂಬ ಸಂಖ್ಯೆಯಿದೆ. ಬ್ಯಾಂಕಿಗೆ ಕೊಟ್ಟ ಪತ್ರದ ಮೊಹರಿನ ಪ್ರತಿ, ದೂರು ಸಂಖ್ಯೆ, ಬಂದಿದ್ದರೆ ಬ್ಯಾಂಕಿನ ಉತ್ತರ, ಎರಡೂ ಸ್ಟೇಟ್‌ಮೆಂಟುಗಳು ಅಲ್ಲಿ ಬೇಕಾಗುತ್ತವೆ. ಬ್ಯಾಂಕಿಗೆ ಮೊದಲು ದೂರು ಕೊಡದೆ ನೇರವಾಗಿ ಅಲ್ಲಿಗೆ ಹೋದರೆ ದೂರು ತಿರಸ್ಕೃತವಾಗುತ್ತದೆ.

ತಂಗಿ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಮಾರ್ಚ್ 24ರಂದು ಅದೇ ದೂರು ಸಂಖ್ಯೆಯನ್ನು ಉಲ್ಲೇಖಿಸಿ, ಐದು ದಿನಗಳ ತಾರೀಖುಗಳನ್ನು ಒಂದೊಂದಾಗಿ ಬರೆದು ಎರಡನೆಯ ಪತ್ರ ಕೊಟ್ಟಳು. ಏಪ್ರಿಲ್ 3ರಂದು 500 ರೂಪಾಯಿ ಅವಳ ಖಾತೆಗೆ ಬಂತು. ಆ ಹೊತ್ತಿಗೆ ವ್ಯಾಪಾರಿ ತಮ್ಮ ಕೆವೈಸಿ ಕಾಗದಗಳನ್ನು ಕೊಟ್ಟು ತಡೆ ತೆಗೆಸಿದ್ದರು. ಅವಳು ಮೊದಲು ಒಂದು ರೂಪಾಯಿ ಕಳಿಸಿ, ಅದು ಸೇರಿತೆಂದು ಅವರಿಂದ ಕೇಳಿಕೊಂಡು, ಉಳಿದ ಹಣವನ್ನು ಆಮೇಲೆ ಕಳಿಸಿದಳು.